ಮೊದಲು ಯಾವುದು ಕಲಿಯಲಿ, ಸರ್?

ಪೀಣ್ಯದ ನಮ್ಮ ಶೀಟ್ ಮೆಟಲ್ ಘಟಕಕ್ಕೆ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಹೊಸದಾಗಿ ಸೇರಿದ ಹುಡುಗನೊಬ್ಬ ನನಗೊಂದು ಪತ್ರ ಬರೆದಿದ್ದಾನೆ. “ಸರ್, ಸಂಜೆ ಒಂದು ಕೋರ್ಸ್ ಸೇರಬೇಕೆಂದಿದ್ದೇನೆ. ಆಟೋಕ್ಯಾಡ್ ಎಲ್ಲ ಕಡೆಯೂ ಬೇಕು ಅಂತಾರೆ. ಸಾಲಿಡ್‌ವರ್ಕ್ಸ್ ನಮ್ಮ ಆಫೀಸಲ್ಲೇ ಇದೆ. ರೆವಿಟ್ ಕಲಿತರೆ ಹೊರದೇಶದ ಕೆಲಸ ಸಿಗುತ್ತೆ ಅಂತ ಅಣ್ಣ ಹೇಳ್ತಾನೆ. ಮೂರಕ್ಕೂ ಫೀಸು ಕಟ್ಟೋ ಶಕ್ತಿ ಇಲ್ಲ. ಮೊದಲು ಯಾವುದು ಹಿಡಿಯಲಿ?”

ಈ ಪ್ರಶ್ನೆ ಅವನೊಬ್ಬನದಲ್ಲ. ಡಿಪ್ಲೊಮಾ, ಬಿ.ಇ. ಮುಗಿಸಿದ ಮಕ್ಕಳಿರುವ ಮನೆಗಳಲ್ಲೆಲ್ಲ ಇದೇ ಚರ್ಚೆ. ಹಾಗಾಗಿ ಉತ್ತರವನ್ನು ಎಲ್ಲರಿಗೂ ತಿಳಿಯುವಂತೆ ಬರೆಯುತ್ತಿದ್ದೇನೆ.

ರೆವಿಟ್ ಅನ್ನು ಮೊದಲೇ ಪಕ್ಕಕ್ಕಿಡೋಣ. ಅದು ಕಟ್ಟಡದವರ ಸಾಧನ. ಅದರಲ್ಲಿ ಗೋಡೆ ಅಂದರೆ ಎರಡು ಗೆರೆಯಲ್ಲ, ದಪ್ಪ, ಎತ್ತರ, ಸಾಮಗ್ರಿ ಎಲ್ಲ ಇರುವ ಗೋಡೆಯೇ. ಗೋಡೆ ಸರಿಸಿದರೆ ಅದರೊಳಗಿನ ಬಾಗಿಲೂ ಸರಿಯುತ್ತದೆ, ಬಾಗಿಲುಗಳ ಪಟ್ಟಿಯೂ ತಾನಾಗಿ ಬದಲಾಗುತ್ತದೆ. ಸಿವಿಲ್ ಅಥವಾ ಆರ್ಕಿಟೆಕ್ಚರ್ ಓದಿದವರು ಆಟೋಕ್ಯಾಡ್‌ನಲ್ಲಿ ಪ್ಲ್ಯಾನ್ ಬಿಡಿಸುವುದು ರೂಢಿಯಾದ ಮೇಲೆ ಅದನ್ನು ಕಲಿಯಲೇಬೇಕು. ತಗಡು ಬಗ್ಗಿಸುವ ನಮ್ಮ ಹುಡುಗನಿಗೆ ಈಗ ಅದರಿಂದ ಪ್ರಯೋಜನವಿಲ್ಲ.

ಉಳಿದದ್ದು ಎರಡು. 1982ರಲ್ಲಿ ಬಂದ ಆಟೋಕ್ಯಾಡ್ ಮುಖ್ಯವಾಗಿ ಗೆರೆ ಎಳೆಯುವ ಹಲಗೆ. 1995ರಲ್ಲಿ ಬಂದ ಸಾಲಿಡ್‌ವರ್ಕ್ಸ್‌ನಲ್ಲಿ ನಾವು ವಸ್ತುವನ್ನೇ ಕಟ್ಟುತ್ತೇವೆ, ಡ್ರಾಯಿಂಗ್ ಅದರಿಂದ ಹುಟ್ಟುತ್ತದೆ. ವ್ಯತ್ಯಾಸ ತಿಳಿಯಲು ನಮ್ಮಲ್ಲಿ ದಿನವೂ ಆಗುವ ಒಂದು ಸಣ್ಣ ಕೆಲಸ ನೋಡಿ.

2 ಮಿ.ಮೀ. ತಗಡಿನ ಎಲ್ ಆಕಾರದ ಬ್ರಾಕೆಟ್. ಹೊರ ಅಳತೆಯಲ್ಲಿ ಒಂದು ತೋಳು 60, ಇನ್ನೊಂದು 40. ಬಗ್ಗಿಸುವ ಮೊದಲು ಎಷ್ಟು ಉದ್ದದ ಪಟ್ಟಿ ಕತ್ತರಿಸಬೇಕು? ಹೊಸಬರು ಥಟ್ಟನೆ 100 ಅನ್ನುತ್ತಾರೆ. 100 ಕತ್ತರಿಸಿದರೆ ತೋಳುಗಳು ಒಟ್ಟಾರೆ ಸುಮಾರು ಮೂರೂವರೆ ಮಿಲಿಮೀಟರ್ ಉದ್ದವಾಗಿ, ರಂಧ್ರಗಳು ಎದುರಿನ ಭಾಗಕ್ಕೆ ಕೂರುವುದಿಲ್ಲ. ಒಳ ತ್ರಿಜ್ಯ 2 ಇದ್ದರೆ ನೇರ ಭಾಗಗಳು 56 ಮತ್ತು 36. ಬಾಗಿನ ಭಾಗಕ್ಕೆ ಸುಮಾರು 4.5. ಒಟ್ಟು 96.5. ಬಾಗಿನ ಭಾಗದ ಈ ಲೆಕ್ಕ ನಿಂತಿರುವುದು ಕೆ ಫ್ಯಾಕ್ಟರ್ ಎಂಬ ಸಂಖ್ಯೆಯ ಮೇಲೆ. ಬಗ್ಗುವಾಗ ತಗಡಿನ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಎರಡರ ನಡುವೆ ಉದ್ದ ಬದಲಾಗದ ಪದರ ದಪ್ಪದಲ್ಲಿ ಎಲ್ಲಿದೆ ಎಂಬುದನ್ನು ಅದು ಹೇಳುತ್ತದೆ. ನಾನಿಲ್ಲಿ 0.44 ಹಿಡಿದಿದ್ದೇನೆ.

ಈಗ ಗ್ರಾಹಕರು ತಗಡು 3 ಮಿ.ಮೀ. ಇರಲಿ ಅಂದರು, ಒಳ ತ್ರಿಜ್ಯವೂ 3 ಆಯಿತು. ಪಟ್ಟಿಯ ಉದ್ದ 94.8ಕ್ಕೆ ಇಳಿಯುತ್ತದೆ. ಆಟೋಕ್ಯಾಡ್‌ನಲ್ಲಾದರೆ ಲೆಕ್ಕ ಮತ್ತೆ ಮಾಡಿ, ಎಲ್ಲ ನೋಟಗಳನ್ನೂ ಒಂದೊಂದಾಗಿ ತಿದ್ದಬೇಕು. ಒಂದು ನೋಟ ಮರೆತರೂ ಶಾಪ್‌ನಲ್ಲಿ ತಪ್ಪು ಮಾಲು ತಯಾರಾಗುತ್ತದೆ. ಸಾಲಿಡ್‌ವರ್ಕ್ಸ್‌ನಲ್ಲಿ ದಪ್ಪ ಮತ್ತು ತ್ರಿಜ್ಯ ಬದಲಿಸಿದರೆ ಸಾಕು, ಬಿಚ್ಚಿದ ಪಟ್ಟಿಯ ಆಕಾರವೂ ಡ್ರಾಯಿಂಗೂ ಜೊತೆಗೇ ಬದಲಾಗುತ್ತವೆ.

ಆದರೆ ಹಾಗಾಗಬೇಕಾದರೆ ಸ್ಕೆಚ್ ಬಿಗಿಯಾಗಿರಬೇಕು. ಗೆರೆಗಳು ನೀಲಿಯಾಗಿದ್ದರೆ ಅಳತೆ ಇನ್ನೂ ಪೂರ್ತಿ ಕೊಟ್ಟಿಲ್ಲ ಎಂದರ್ಥ. ಮೌಸ್ ತಗುಲಿದರೂ ರಂಧ್ರ ಜಾರುತ್ತದೆ. ಎಲ್ಲ ಗೆರೆ ಕಪ್ಪಾಗುವವರೆಗೆ ಸ್ಕೆಚ್‌ನಿಂದ ಹೊರಬರಬೇಡಿ. ಇನ್ನು ಕೆ ಫ್ಯಾಕ್ಟರನ್ನು ಸಾಫ್ಟ್‌ವೇರ್ ಕೊಟ್ಟ ಹಾಗೇ ನಂಬುವುದೂ ತಪ್ಪು. ನಿಮ್ಮ ಬೆಂಡಿಂಗ್ ಮೆಷಿನ್ನಿನಲ್ಲೇ 100 ಮಿ.ಮೀ. ಪಟ್ಟಿಯೊಂದನ್ನು ಬಗ್ಗಿಸಿ, ಎರಡು ತೋಳುಗಳ ಹೊರ ಅಳತೆ ಕೂಡಿಸಿ. 103.5 ಬಂದರೆ ಮೇಲಿನ ಲೆಕ್ಕ ಸರಿ. ಬೇರೆ ಬಂದರೆ ಸಂಖ್ಯೆ ತಿದ್ದಿಕೊಳ್ಳಿ. ಆಪರೇಟರ್ ಅಣ್ಣನಿಗೆ ಇದು ಬಾಯಿಪಾಠ. ಸಂಕೋಚ ಬಿಟ್ಟು ಕೇಳಿ.

ಹಾಗಾದರೆ ಆಟೋಕ್ಯಾಡ್ ಬೇಡವೇ? ಬೇಕು, ಸ್ವಲ್ಪ. ಲೇಸರ್ ಕಟಿಂಗ್‌ಗೆ ಕಳಿಸುವುದು ಡಿಎಕ್ಸ್‌ಎಫ್ ಫೈಲ್. ಅದನ್ನು ಆಟೋಕ್ಯಾಡ್‌ನಲ್ಲಿ ತೆರೆದು ಎರಡು ಸಂಗತಿ ನೋಡಬೇಕು. ಉದ್ದ ಅಳೆದಾಗ 96.5 ಬರಬೇಕು, 3.8 ಬಂದರೆ ಫೈಲ್ ಇಂಚಿನಲ್ಲಿದೆ. ಬಾಗುವ ಜಾಗದ ಗೆರೆ ಬೇರೆ ಲೇಯರ್‌ನಲ್ಲಿರಬೇಕು ಇಲ್ಲವೇ ಅಳಿಸಿರಬೇಕು. ಹಾಗೇ ಬಿಟ್ಟರೆ ಲೇಸರ್ ಅದನ್ನೂ ಕತ್ತರಿಸುತ್ತದೆ, ಬ್ರಾಕೆಟ್ ಎರಡು ತುಂಡಾಗುತ್ತದೆ. ಇಷ್ಟಕ್ಕೆ ಬೇಕಾದ ಲೇಯರ್, ಅಳತೆ, ಪ್ರಿಂಟ್ ಸ್ಕೇಲ್ ಆಫೀಸಿನಲ್ಲೇ ಕೂತು ಕಲಿಯಬಹುದು, ಕೋರ್ಸ್ ಬೇಡ.

ತಮ್ಮಾ, ಫೀಸು ಸಾಲಿಡ್‌ವರ್ಕ್ಸ್‌ಗೆ ಕಟ್ಟು, ಅದರಲ್ಲೂ ಶೀಟ್ ಮೆಟಲ್ ಪಾಠ ಇದೆಯೇ ಎಂದು ಕೇಳಿಯೇ ಕಟ್ಟು. ಆಟೋಕ್ಯಾಡ್ ನನ್ನ ಟೇಬಲ್ ಹತ್ತಿರ ಬಂದು ಕಲಿ.