ದಿನದ ಚಕ್ರಬಡ್ಡಿ ಎಷ್ಟು ಹೆಚ್ಚು ಕೊಡುತ್ತದೆ?

ಒಂದು ಲಕ್ಷ ರೂಪಾಯಿಯನ್ನು ಶೇ. 8ರ ಬಡ್ಡಿಗೆ ಒಂದು ವರ್ಷ ಇಟ್ಟಿದ್ದೀರಿ. ಬಡ್ಡಿಯನ್ನು ವರ್ಷಕ್ಕೊಮ್ಮೆ ಕಟ್ಟಿದರೆ ನಿಮಗೆ ಸಿಗುವುದು 8,000 ರೂಪಾಯಿ. ತಿಂಗಳಿಗೊಮ್ಮೆ ಅಸಲಿಗೆ ಸೇರಿಸುತ್ತ ಹೋದರೆ ಸುಮಾರು 8,300. ಹಾಗಾದರೆ ದಿನಾ ಸೇರಿಸಿದರೆ? ಹನ್ನೆರಡು ಸಲದ ಬದಲು 365 ಸಲ ಸೇರಿಸಿದರೂ ಕೈಗೆ ಬರುವುದು 8,328. ಇಷ್ಟೆಲ್ಲ ಲೆಕ್ಕದ ಗದ್ದಲಕ್ಕೆ 28 ರೂಪಾಯಿ!

ಕಾರಣ ಸರಳ. ಹೆಚ್ಚುವರಿ ಹಣವೆಲ್ಲ ಬರುವುದು ಬಡ್ಡಿಯ ಮೇಲಿನ ಬಡ್ಡಿಯಿಂದ. 8,000 ರೂಪಾಯಿ ಬಡ್ಡಿ ವರ್ಷದ ಮೊದಲ ದಿನವೇ ಬಂದು ಕೂರುವುದಿಲ್ಲ, ದಿನದಿನವೂ ಚೂರುಚೂರಾಗಿ ಹುಟ್ಟುತ್ತದೆ. ಜನವರಿಯಲ್ಲಿ ಹುಟ್ಟಿದ್ದಕ್ಕೆ ದುಡಿಯಲು ಹೆಚ್ಚುಕಡಿಮೆ ಇಡೀ ವರ್ಷವಿದೆ, ಡಿಸೆಂಬರಿನದಕ್ಕೆ ಸಮಯವೇ ಇಲ್ಲ. ಸರಾಸರಿ ಅರ್ಧ ವರ್ಷ ಅನ್ನಿ. 8,000ಕ್ಕೆ ಶೇ. 8ರಂತೆ ಅರ್ಧ ವರ್ಷದ ಬಡ್ಡಿ 320 ರೂಪಾಯಿ. ಬಡ್ಡಿ ಹುಟ್ಟಿದ ಕ್ಷಣವೇ ದುಡಿಯಲು ಶುರುಮಾಡಿದರೂ ಅದರಿಂದ ಇದಕ್ಕಿಂತ ಹೆಚ್ಚು ಬರಲಾರದು. ಆ ಬಡ್ಡಿಯ ಬಡ್ಡಿಗೂ ಬಡ್ಡಿ ಸೇರಿಸಿದರೆ ಇನ್ನೊಂದು ಎಂಟೊಂಬತ್ತು ರೂಪಾಯಿ, ಅಷ್ಟೇ.

ತಿಂಗಳ ಲೆಕ್ಕದಲ್ಲಿ ನಷ್ಟವಾಗುವುದು ಎಲ್ಲಿ? ತಿಂಗಳ ನಡುವೆ ಹುಟ್ಟಿದ ಬಡ್ಡಿ ತಿಂಗಳು ಮುಗಿಯುವ ತನಕ ಸುಮ್ಮನೆ ಕಾಯುತ್ತದೆ, ಸರಾಸರಿ ಹದಿನೈದು ದಿನ. 8,000 ರೂಪಾಯಿಗೆ ಹದಿನೈದು ದಿನದ ಬಡ್ಡಿ ಸುಮಾರು 27 ರೂಪಾಯಿ. ದಿನದ ಲೆಕ್ಕ ನಮಗೆ ವಾಪಸು ಕೊಡುವುದು ಈ ಕಾಯುವ ಹೊತ್ತನ್ನು ಮಾತ್ರ. ಇನ್ನು ಗಂಟೆಗೊಮ್ಮೆ, ನಿಮಿಷಕ್ಕೊಮ್ಮೆ ಕಟ್ಟಿದರೆ ಉಳಿದಿರುವುದು ಅರ್ಧ ದಿನದ ಕಾಯುವಿಕೆ. ಅದರ ಬೆಲೆ ಒಂದು ರೂಪಾಯಿಯೂ ಇಲ್ಲ. ಕ್ಷಣಕ್ಷಣಕ್ಕೂ ಕಟ್ಟಿದರೂ ಬಡ್ಡಿ 8,328 ರೂಪಾಯಿ 71 ಪೈಸೆಗೆ ನಿಂತುಬಿಡುತ್ತದೆ.

ಇಂಥ ಗೋಡೆಯೊಂದಿದೆ ಎಂದು 1683ರಲ್ಲಿ ಕಂಡವನು ಸ್ವಿಟ್ಜರ್ಲೆಂಡಿನ ಜೇಕಬ್ ಬರ್ನೂಲಿ. ಅವನು ತೆಗೆದುಕೊಂಡದ್ದು ಶೇ. 100ರ ಬಡ್ಡಿ. ಒಂದು ರೂಪಾಯಿ ವರ್ಷಕ್ಕೊಮ್ಮೆ ಕಟ್ಟಿದರೆ ಎರಡಾಗುತ್ತದೆ, ತಿಂಗಳಿಗೊಮ್ಮೆ ಕಟ್ಟಿದರೆ 2.61, ದಿನಾ ಕಟ್ಟಿದರೆ 2.71. ಎಷ್ಟೇ ಚೂರು ಮಾಡಿದರೂ 2.718ರ ಆಸುಪಾಸು ದಾಟುವುದಿಲ್ಲ. ಗಣಿತದಲ್ಲಿ e ಎಂದು ಹೆಸರಾದದ್ದು ಈ ಸಂಖ್ಯೆಯೇ.

ಬಡ್ಡಿ ದರ ಏರಿದರೆ ಮಾತ್ರ ತಿಂಗಳ ಲೆಕ್ಕಕ್ಕೂ ದಿನದ ಲೆಕ್ಕಕ್ಕೂ ಇರುವ ಅಂತರ ಬೇಗ ಹಿಗ್ಗುತ್ತದೆ. ದರ ಇಮ್ಮಡಿಯಾದರೆ ಅಂತರ ಸುಮಾರು ನಾಲ್ಕು ಪಟ್ಟು. ತಿಂಗಳಿಗೆ ಶೇ. 3.5ರ ಕ್ರೆಡಿಟ್ ಕಾರ್ಡ್ ಬಾಕಿಯಲ್ಲಿ, ಅಂದರೆ ವರ್ಷಕ್ಕೆ ಶೇ. 42ರಲ್ಲಿ, ಒಂದು ಲಕ್ಷಕ್ಕೆ ದಿನದ ಚಕ್ರಬಡ್ಡಿ ಸಾವಿರ ರೂಪಾಯಿಗೂ ಮೀರಿ ಹೆಚ್ಚು ಕೀಳುತ್ತದೆ.

ಒಂದು ಗೊಂದಲ ಬೇಡ. 2010ರ ಏಪ್ರಿಲ್‌ನಿಂದ ಉಳಿತಾಯ ಖಾತೆಯ ಬಡ್ಡಿಯನ್ನು ದಿನದ ಶಿಲ್ಕಿನ ಮೇಲೆ ಎಣಿಸುತ್ತಾರೆ. ಹಾಗೆಂದು ಅದು ಸಾಮಾನ್ಯವಾಗಿ ದಿನಾ ಅಸಲಿಗೆ ಸೇರುವುದಿಲ್ಲ. ಎಣಿಸುವುದು ಬೇರೆ, ಕಟ್ಟುವುದು ಬೇರೆ.

ಠೇವಣಿ ಇಡುವಾಗ ಎಷ್ಟು ಸಲ ಕಟ್ಟುತ್ತಾರೆ ಎಂಬುದಕ್ಕಿಂತ ಮೊದಲು ದರ ನೋಡಿ. ತಿಂಗಳಿಗೊಮ್ಮೆ ಕಟ್ಟುವ ಶೇ. 8.05 ಲಕ್ಷಕ್ಕೆ 8,354 ರೂಪಾಯಿ ತರುತ್ತದೆ. ಶೇ. 8ನ್ನು ಕ್ಷಣಕ್ಷಣ ಕಟ್ಟಿದರೂ ಅದನ್ನು ಮುಟ್ಟಲಾಗದು.