ನಿಮಗಿದು ಗೊತ್ತೆ? ಕಿಟಕಿ ತೆರೆದರೆ ಚಾವಣಿ ತೊಟ್ಟಿಕ್ಕುತ್ತದೆ!

ಕಚೇರಿ ತಂಪಾಗಿಸುವ ‘ಆ್ಯಕ್ಟಿವ್ ಚಿಲ್ಡ್ ಬೀಮ್’ಗೆ ತೀರಾ ತಣ್ಣನೆಯ ನೀರು ಹರಿಸುವಂತಿಲ್ಲ! ಮಾಮೂಲಿ ಸೆಂಟ್ರಲ್ ಎಸಿಯಲ್ಲಿ ನೀರು ಸುಮಾರು 7 ಡಿಗ್ರಿ ಸೆಲ್ಸಿಯಸ್ ಇದ್ದರೆ, ಚಾವಣಿಯ ಈ ಪೆಟ್ಟಿಗೆಗೆ 15 ಡಿಗ್ರಿಯ ನೀರೇ ಸರಿ. ಇದರಲ್ಲಿ ಫ್ಯಾನ್ ಇಲ್ಲ. ಸಣ್ಣ ರಂಧ್ರಗಳಿಂದ ರಭಸವಾಗಿ ನುಗ್ಗುವ ಹೊರಗಾಳಿಯೇ ಕೋಣೆಯ ಗಾಳಿಯನ್ನು ತಣ್ಣನೆಯ ಕೊಳವೆಗಳ ಮೇಲೆ ಎಳೆದುಕೊಳ್ಳುತ್ತದೆ.

ಕೋಣೆ 24 ಡಿಗ್ರಿ, ಆರ್ದ್ರತೆ ಶೇ 50 ಇದ್ದರೆ 13 ಡಿಗ್ರಿಗಿಂತ ತಣ್ಣಗಿರುವ ಕೊಳವೆ ಬೆವರುತ್ತದೆ. ಅದಕ್ಕೇ ಎರಡು ಡಿಗ್ರಿಯ ಅಂತರ. ತೇವ ತೆಗೆಯುವ ಹೊಣೆ ಒಣಗಿಸಿ ತಂದ ಹೊರಗಾಳಿಯದು. ಹತ್ತು ಜನರ ಉಸಿರು, ಬೆವರಿನಿಂದ ಗಂಟೆಗೆ ಸುಮಾರು ಅರ್ಧ ಲೀಟರ್ ನೀರು ಆವಿಯಾಗಿ ಕೋಣೆ ಸೇರುತ್ತದೆ. ತಲೆಗೆ ಸೆಕೆಂಡಿಗೆ 10 ಲೀಟರ್‌ನಂತೆ ಗಾಳಿ ಕೊಡುವುದಾದರೆ, ಅದನ್ನು ಮೊದಲೇ ಸುಮಾರು 10 ಡಿಗ್ರಿಗೆ ಇಳಿಸಿ ನೀರು ಬಸಿದಿರಬೇಕು.

ಜಯನಗರ, ಬನಶಂಕರಿಯ ಮಳೆಗಾಲದ ಗಾಳಿಯಾದರೋ 19 ಡಿಗ್ರಿಯ ಆಸುಪಾಸಿನಲ್ಲೇ ನೀರು ಬಿಡುತ್ತದೆ. ಕಿಟಕಿ ತೆರೆದಿಟ್ಟರೆ ಕೊಳವೆಯ ಮೇಲೆ ಹನಿಗಟ್ಟಿ, ಮೇಜಿನ ಕಡತಗಳ ಮೇಲೆ ತೊಟ್ಟಿಕ್ಕುತ್ತದೆ. ಆದ್ದರಿಂದ ಕಿಟಕಿಗೊಂದು, ಕೊಳವೆಗೊಂದು ಸೆನ್ಸರ್ ಇರುತ್ತದೆ. ಕಿಟಕಿ ತೆರೆದರೆ ಅಥವಾ ತೇವ ಕಂಡರೆ ನೀರಿನ ವಾಲ್ವ್ ಮುಚ್ಚಿಕೊಳ್ಳುತ್ತದೆ. ಒಣಗಾಳಿ ಮಾತ್ರ ಬರುತ್ತಿರುತ್ತದೆ.