ಪಂಚಾಂಗದ ದಿನ, ಗಡಿಯಾರದ ದಿನ

ಹೊಸಪೇಟೆ, ಸಂಡೂರು ಕಡೆಯ ಮನೆಗಳ ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖು, ವಾರ, ತಿಥಿ, ನಕ್ಷತ್ರ ಎಲ್ಲವೂ ಒಂದೇ ಚೌಕದಲ್ಲಿ ಅಚ್ಚಾಗಿರುತ್ತವೆ. ಆದ್ದರಿಂದ ಇವೆಲ್ಲ ಒಟ್ಟಿಗೆ ಬದಲಾಗುತ್ತವೆಂದು ಹಲವರು ತಿಳಿಯುತ್ತಾರೆ. ವಾಸ್ತವವಾಗಿ ಹಾಗಿಲ್ಲ. ತಾರೀಖು ನಡುರಾತ್ರಿ 12ಕ್ಕೆ ಬದಲಾಗುತ್ತದೆ. ಪಂಚಾಂಗದ ವಾರ ಸೂರ್ಯೋದಯಕ್ಕೆ. ತಿಥಿಗೆ ಈ ಎರಡೂ ಗಡಿಗಳಿಲ್ಲ. ಚಂದ್ರನು ಸೂರ್ಯನಿಂದ 12 ಅಂಶ ಸರಿದಾಗಲೆಲ್ಲ ಒಂದು ತಿಥಿ ಮುಗಿಯುತ್ತದೆ. ಚಂದ್ರನ ವೇಗ ಹೆಚ್ಚು ಕಡಿಮೆಯಾಗುವುದರಿಂದ ತಿಥಿಯ ಅವಧಿ ಸುಮಾರು 20ರಿಂದ 27 ಗಂಟೆ. ಸೂರ್ಯೋದಯದಲ್ಲಿ ಇರುವ ತಿಥಿಯನ್ನೇ ಆ ದಿನದ ತಿಥಿಯೆಂದು ಬರೆಯುವುದು ವಾಡಿಕೆ.

2025ರ ಸೆಪ್ಟೆಂಬರ್ 7ರ ಭಾನುವಾರ ರಾತ್ರಿ ಹಂಪಿಯಲ್ಲಿ ನಿಂತು ಚಂದ್ರಗ್ರಹಣ ನೋಡಿದವರು ಈ ಮೂರೂ ಬದಲಾವಣೆಗಳನ್ನು ಒಂದೇ ರಾತ್ರಿಯಲ್ಲಿ ದಾಟಿದರು. ಪೂರ್ಣ ಗ್ರಹಣ ರಾತ್ರಿ 11ರ ಹೊತ್ತಿಗೆ ಆರಂಭವಾಯಿತು. ಸುಮಾರು 11.38ಕ್ಕೆ ಹುಣ್ಣಿಮೆ ಮುಗಿದು ಪಾಡ್ಯ ಹುಟ್ಟಿತು. 12ಕ್ಕೆ ತಾರೀಖು 8 ಆಯಿತು. ಗ್ರಹಣ ಬಿಟ್ಟಾಗ 1.26. ಪಂಚಾಂಗದ ಸೋಮವಾರ ಮಾತ್ರ ಬೆಳಿಗ್ಗೆ ಸುಮಾರು 6.12ಕ್ಕೆ ಸೂರ್ಯ ಹುಟ್ಟಿದ ಮೇಲೆಯೇ ಬಂತು. ಪಂಚಾಂಗದಲ್ಲಿ ಆ ಇಡೀ ರಾತ್ರಿ ಭಾನುವಾರದ್ದೇ.

ಇನ್ನು ನಕ್ಷತ್ರ. ಅಂದು ಕ್ಯಾಲೆಂಡರಿನಲ್ಲಿದ್ದುದು ಶತಭಿಷ. ಅದು ರಾತ್ರಿ ಸುಮಾರು 9.40ಕ್ಕೆ ಮುಗಿಯಿತು. ಆದರೆ ರೈತರ ಲೆಕ್ಕದಲ್ಲಿ ಆಗ ಹುಬ್ಬೆ ಮಳೆ ನಡೆದಿತ್ತು. ಎರಡೂ ಸರಿಯೇ. ದಿನದ ನಕ್ಷತ್ರ ಚಂದ್ರನದು, ಸುಮಾರು ಒಂದು ದಿನ ಇರುತ್ತದೆ. ಮಳೆಯ ನಕ್ಷತ್ರ ಸೂರ್ಯನದು, 13-14 ದಿನ ಇರುತ್ತದೆ. ದಿನದ ಚೌಕದಲ್ಲಿ ಹಸ್ತ ಎಂದು ಕಂಡ ಮಾತ್ರಕ್ಕೆ ಹಸ್ತ ಮಳೆ ಹೂಡಿತೆಂದು ತಿಳಿಯಬಾರದು. ಮಳೆಯ ನಕ್ಷತ್ರವೂ ಋತುವನ್ನು ಸೂಚಿಸುತ್ತದೆಯೇ ಹೊರತು ಆ ದಿನ ಮಳೆ ಬೀಳುವುದೆಂದು ಹೇಳುವುದಿಲ್ಲ. ಬಿತ್ತನೆಗೆ ನೆಲದ ಹಸಿಯನ್ನೇ ನೋಡಬೇಕು.

ನಷ್ಟವಾಗುವುದು ಹೆಚ್ಚಾಗಿ ನಡುರಾತ್ರಿಯಿಂದ ಬೆಳಗಾಗುವವರೆಗಿನ ಐದಾರು ಗಂಟೆಗಳಲ್ಲಿ. ಕಂಪ್ಲಿಯ ಗದ್ದೆಯವರಿಗೆ ನೀರಿನ ಸರದಿ "ಸೋಮವಾರ 8ನೇ ತಾರೀಖು ರಾತ್ರಿ 1 ಗಂಟೆ" ಎಂದು ಗೊತ್ತಾಗಿದೆಯೆನ್ನಿ. ಗಡಿಯಾರದ ಪ್ರಕಾರ ಅದು ಭಾನುವಾರ ಮಲಗಿದ ರಾತ್ರಿಯೇ. ಸೋಮವಾರ ಉಂಡು ಸಲಿಕೆ ಹಿಡಿದು ಹೋದವನು ಒಂದು ದಿನ ತಡ. ನೀರು ಆಗಲೇ ಪಕ್ಕದವನ ಗದ್ದೆ ಸೇರಿರುತ್ತದೆ. "7ರ ರಾತ್ರಿ ಕಳೆದು 8ರ ನಸುಕಿನ 1 ಗಂಟೆ" ಎಂದು ಬರೆದುಕೊಂಡರೆ ಈ ತಕರಾರು ಹುಟ್ಟುವುದಿಲ್ಲ.

ಮಳೆಮಾಪಕದ ದಿನ ಬೇರೆಯೇ ಒಂದು. ಅದು ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ, ಬಿದ್ದ ಮಳೆ ಅಳೆದ ದಿನದ ತಾರೀಖಿಗೆ ಸೇರುತ್ತದೆ. 8ರ ನಸುಕಿನಲ್ಲಿ ಸುರಿದದ್ದು 8ಕ್ಕೆ, ಅದೇ ದಿನ 10 ಗಂಟೆಗೆ ಸುರಿದದ್ದು 9ಕ್ಕೆ. ತನ್ನ ಹೊಲದ ಲೆಕ್ಕಕ್ಕೂ ಕೇಂದ್ರದ ಲೆಕ್ಕಕ್ಕೂ ಒಂದು ದಿನ ವ್ಯತ್ಯಾಸ ಕಂಡ ರೈತನು ಮೊದಲು ಮಳೆ ಬಿದ್ದ ಗಂಟೆಯನ್ನು ನೋಡಬೇಕು.

ಎರಡು ಪಂಚಾಂಗಗಳ ನಡುವೆಯೂ ಕೆಲವೊಮ್ಮೆ ಹೊಂದಿಕೆ ಇರುವುದಿಲ್ಲ. ಹಳೆಯ ಸೂರ್ಯಸಿದ್ಧಾಂತದ ಗಣಿತಕ್ಕೂ ಇಂದಿನ ದೃಗ್ಗಣಿತಕ್ಕೂ ತಿಥಿ ಮುಗಿಯುವ ವೇಳೆಯಲ್ಲಿ ಅಂತರ ಬರುತ್ತದೆ. ತಿಥಿ ಸೂರ್ಯೋದಯದ ಆಸುಪಾಸಿನಲ್ಲಿ ಮುಗಿಯುವಾಗ ಒಂದರಲ್ಲಿ ಹಬ್ಬ ಇಂದು, ಇನ್ನೊಂದರಲ್ಲಿ ನಾಳೆ. ಜಾತ್ರೆಗೆ ಗಾಡಿ ಹೂಡುವ ಮುನ್ನ ಆ ದೇವಸ್ಥಾನ ಅನುಸರಿಸುವ ಪಂಚಾಂಗ ಯಾವುದೆಂದು ಕೇಳುವುದು ಲೇಸು.